ಮಕ್ಕಳಿಗೆ ಚರಿತ್ರೆಯ ಉಡುಗೆ: ನಾಟಕದ ಭಿತ್ತಿಪತ್ರ ಸಿದ್ಧವಾದ ಬಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಮಾತುಗಾರನಲ್ಲ. ದಾವಣಗೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಬದುಕು ನಡೆಸುವವನು. ಈ ಮಹೋತ್ಸವದ ನಾಟಕಕ್ಕೆ ಭಿತ್ತಿಪತ್ರ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದು ಗೇಟಿನ ಬಳಿ ಬಿದ್ದ ದಿನದಿಂದ ನಿಂತು ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಹುಡುಗರನ್ನು ಹೀಗೆ ಹೇಗೆ ಮಾಡಿದಿರಿ? ಮುಂದಿನ ವರ್ಷಗಳಲ್ಲೂ ಇಲ್ಲಿ ನಾಟಕಗಳು ನಡೆಯುತ್ತವೆ, ಮಾಡಿದ್ದನ್ನು ಹೇಳಿಬಿಡಿ, ಸಂಚಿಕೆಯಲ್ಲೂ ಹಾಕುತ್ತೇವೆ ಎಂದು ಚಿತ್ರಕಲಾ ಮಾಸ್ತರು ಹೇಳಿದರು. ಅದಕ್ಕೇ ನಿಂತಿದ್ದೇನೆ.

ನಾಟಕದಲ್ಲಿ ನಮ್ಮ ಸೀಮೆಯ ಮೂವರು ಬರುತ್ತಾರೆ. ಮೊದಲನೆಯವನು ಪೋಲಾಳ್ವ ದಂಡನಾಥ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಮಂತ್ರಿ. 1224ರ ಸುಮಾರಿಗೆ ಹರಿಹರದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದವನು. ಎರಡನೆಯವನು ಶಹಾಜಿ ಭೋಂಸ್ಲೆ, ಶಿವಾಜಿಯ ತಂದೆ. ಬಿಜಾಪುರದ ಆದಿಲ್‌ಶಾಹಿಗಳ ಸರದಾರ. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಹತ್ತಿರ. ಸಮಾಧಿ ಇಂದಿಗೂ ಅಲ್ಲಿದೆ. ಮೂರನೆಯವಳು ಚಿತ್ರದುರ್ಗದ ಒನಕೆ ಓಬವ್ವ, ಕಾವಲುಗಾರ ಕಹಳೆ ಮುದ್ದ ಹನುಮನ ಹೆಂಡತಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಹರಿಹರ, ದಾವಣಗೆರೆ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಓಬವ್ವ ನಮಗೆ ಹೊರಗಿನವಳೇನಲ್ಲ.

ಈ ಮೂವರ ನಡುವೆ ಐದೂವರೆ ಶತಮಾನದ ಅಂತರವಿದೆ. ಆದರೆ ಬಾಡಿಗೆ ಉಡುಪಿನ ಅಂಗಡಿಗೆ ಹೋಗಿ ಪೋಲಾಳ್ವನ ಡ್ರೆಸ್ ಕೊಡಿ ಎಂದರೂ, ಶಹಾಜಿಯ ಡ್ರೆಸ್ ಕೊಡಿ ಎಂದರೂ ಸಿಗುವುದು ಒಂದೇ: ಮಖಮಲ್ಲಿನ ನಿಲುವಂಗಿ, ಅದರ ಮೇಲೆ ಜರಿ, ತಲೆಗೆ ಮೈಸೂರು ಪೇಟ. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಇದು ಕಂಪನಿ ನಾಟಕಗಳಿಂದ ಬಂದ ಬಳುವಳಿ. ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯದೇ. ಕಂಪನಿ ನಾಟಕದಲ್ಲಿ ಗ್ಯಾಸ್‌ಲೈಟಿನ ಬೆಳಕಿಗೆ ದೂರದ ಚಾಪೆಯಲ್ಲಿ ಕೂತವರಿಗೂ ರಾಜ ರಾಜನಾಗಿ ಕಾಣಬೇಕಿತ್ತು. ಮಖಮಲ್ಲು ಹೊಳೆಯುತ್ತದೆ, ಅದಕ್ಕೇ ಮಖಮಲ್ಲು. ಹರಿಶ್ಚಂದ್ರನಿಗೂ ಅದೇ, ಕೃಷ್ಣದೇವರಾಯನಿಗೂ ಅದೇ. ರಂಗದ ಮೇಲೆ ಅದು ನಡೆಯುತ್ತದೆ. ಭಿತ್ತಿಪತ್ರದಲ್ಲಿ ಮುಖ ಎರಡಡಿ ದೂರದಲ್ಲಿರುತ್ತದೆ, ಜನ ನಿಂತು ನೋಡುತ್ತಾರೆ, ಶಾಲೆಯ ಹೆಸರು ಮೇಲಿರುತ್ತದೆ. ಶಾಲೆ ಹಾಕಿದ ಚಿತ್ರವೆಂದರೆ ಮಕ್ಕಳು ಅದನ್ನು ಪಾಠವೆಂದೇ ತಿಳಿಯುತ್ತಾರೆ.

ಹಾಗಾಗಿ ಮೊದಲು ಕೂತು ನೋಡಿದ್ದು ಯಾರಿಗೆ ಯಾವ ಆಧಾರ ಸಿಗುತ್ತದೆ ಎಂಬುದನ್ನು. ಸಮಾಜ ವಿಜ್ಞಾನದ ಮೇಡಂ ಇದರಲ್ಲಿ ನನಗೆ ದಾರಿ ತೋರಿಸಿದರು.

ಪೋಲಾಳ್ವನ ಕಾಲಕ್ಕೆ ಕಲ್ಲೇ ಆಧಾರ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಗಂಡಸರ ಮೈಮೇಲೆ ಹೊಲಿದ ಅಂಗಿ ಕಾಣುವುದು ಅಪರೂಪ. ಸೊಂಟಕ್ಕೆ ನೆರಿಗೆ ಹಿಡಿದ ಬಟ್ಟೆ, ಅದರ ಮೇಲೆ ಪಟ್ಟಿ, ಕೊರಳಲ್ಲಿ ಹಾರ, ಕಿವಿಯಲ್ಲಿ ದೊಡ್ಡ ಕುಂಡಲ, ತೋಳಲ್ಲಿ ಬಂದಿ, ಕೂದಲು ಎತ್ತಿ ಕಟ್ಟಿದ ಗಂಟು. ಆದರೆ ಅಲ್ಲಿ ಬಹುಪಾಲು ದೇವರು, ದ್ವಾರಪಾಲಕರು. ದೇವರಿಗೆ ಹಾಕಿದಷ್ಟು ಒಡವೆ ಮಂತ್ರಿಗೆ ಹಾಕಿದರೆ ಅತಿಯಾಗುತ್ತದೆ. ಅದಕ್ಕೆ ಮೇಡಂ ವೀರಗಲ್ಲು ನೋಡಲು ಹೇಳಿದರು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದುವ ಮನುಷ್ಯ ಇರುತ್ತಾನೆ. ಅವನು ದೇವರಲ್ಲ, ನಮ್ಮಂಥವನು. ಅವನ ಬಟ್ಟೆ ಬಿಗಿದು ಕಟ್ಟಿದ್ದು, ತುರುಬು ತಲೆಯ ಹಿಂದಕ್ಕೋ ಪಕ್ಕಕ್ಕೋ ಬಿದ್ದದ್ದು. ಒಡವೆಯನ್ನು ಶಿಲ್ಪದಿಂದ ಅರ್ಧಕ್ಕೆ ಇಳಿಸಿ, ಕೂದಲನ್ನು ವೀರಗಲ್ಲಿನಿಂದ ತಗೊಂಡೆವು.

ಶಹಾಜಿಗೆ ಕಲ್ಲು ಬೇಡ, ಆ ಕಾಲದ ದಖ್ಖನಿನ ಚಿತ್ರಗಳಿವೆ. ಸರದಾರರ ಉಡುಗೆ ಜಾಮಾ: ಎದೆಯ ಮೇಲೆ ಒಂದು ಪಕ್ಕ ಇನ್ನೊಂದರ ಮೇಲೆ ಬಂದು ಕಂಕುಳ ಕೆಳಗೆ ಲಾಡಿಯಿಂದ ಕಟ್ಟುವ ನಿಲುವಂಗಿ, ಸೊಂಟದ ಕೆಳಗೆ ಘೇರು, ನಡುವಿಗೆ ಉದ್ದದ ಪಟ್ಕಾ, ತಲೆಗೆ ಅಡ್ಡಡ್ಡ ಸುತ್ತಿದ ಚಪ್ಪಟೆ ರುಮಾಲು. ಮರಾಠರು ಎಂದ ಕೂಡಲೇ ಎಲ್ಲರಿಗೂ ನೆನಪಾಗುವ ಪೇಶ್ವೆ ಪಗಡಿ ಮುಂದಿನ ಶತಮಾನದ್ದು. ಅದನ್ನು ಇಡಲಿಲ್ಲ. ಮೈಸೂರು ಪೇಟವಂತೂ ಬೇರೆಯದೇ ದರಬಾರಿನದು.

ಓಬವ್ವನದೇ ಕಷ್ಟ. ಅವಳ ಕಾಲದಲ್ಲಿ ಅವಳನ್ನು ನೋಡಿ ಬರೆದ ಚಿತ್ರ ಒಂದೂ ಇಲ್ಲ. ನಮ್ಮ ಕಣ್ಣಲ್ಲಿ ಕೂತಿರುವ ಓಬವ್ವ 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಮಾಡಿದ ಓಬವ್ವ. ಆ ಪಾತ್ರ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದರ ನಕಲು ತೆಗೆದರೆ ಸಾಕು, ಜನ ಒಪ್ಪುತ್ತಾರೆ. ನಾವು ಬೇರೆ ದಾರಿಯಲ್ಲಿ ಯೋಚಿಸಿದೆವು. ಕಾವಲುಗಾರನ ಮನೆಯ ಹೆಂಗಸು, ಗಂಡನಿಗೆ ಊಟಕ್ಕಿಟ್ಟು ನೀರಿಗೆ ಹೋದವಳು. ಅವಳ ಮೈಮೇಲೆ ಏನಿರಲು ಸಾಧ್ಯ? ಕೈಮಗ್ಗದ ಹತ್ತಿಯ ಸೀರೆ, ಕಚ್ಚೆ ಹಾಕಿ ಉಟ್ಟದ್ದು. ಎಣ್ಣೆ ಹಚ್ಚಿ ಬಿಗಿದ ತುರುಬು. ಗಾಜಿನ ಬಳೆ, ಕರಿಮಣಿ. ಡಾಬು, ವಂಕಿ, ಹಣೆಬೊಟ್ಟು ಯಾವುದೂ ಇಲ್ಲ. ಅವಳು ರಾಣಿಯಲ್ಲ ಎಂಬುದೇ ಅವಳ ಕಥೆಯ ಸತ್ವ. ಒಡವೆ ಹೇರಿದರೆ ಕಥೆಯೇ ಬದಲಾಗುತ್ತದೆ.

ಬಣ್ಣದ ಮಾತೂ ಬಂತು. ಗುಲಾಬಿ ಸೀರೆ ಎದ್ದು ಕಾಣುತ್ತದೆ ಎಂದು ಕೆಲವರು ಹೇಳಿದರು. ನಾವು ರಾಣಿ ಕಲರ್ ಎನ್ನುವ ಆ ಕಣ್ಣು ಕುಕ್ಕುವ ಬಣ್ಣ ರಾಸಾಯನಿಕ ಬಣ್ಣಗಳಿಂದ ಬಂದದ್ದು. ಅಂಥ ಬಣ್ಣಗಳಲ್ಲಿ ಮೊದಲನೆಯದನ್ನು ಇಂಗ್ಲೆಂಡಿನ ಪರ್ಕಿನ್ ಕಂಡುಹಿಡಿದದ್ದು 1856ರಲ್ಲಿ. ಹೈದರಾಲಿಗೆ ಚಿತ್ರದುರ್ಗದ ಕೋಟೆ ಬಿದ್ದದ್ದು 1779ರಲ್ಲಿ. ಅದಕ್ಕೆ ಮುಂಚಿನ ಹೆಂಗಸಿಗೆ ನೀಲಿ ಗಿಡದ ನೀಲಿ, ಬೇರಿನಿಂದ ತೆಗೆದ ಇಟ್ಟಿಗೆಗೆಂಪು, ಅರಿಸಿನ, ಕಂದು ಇಷ್ಟೇ ದಕ್ಕುವುದು. ನಾವು ಮಾಸಿದ ಇಟ್ಟಿಗೆಗೆಂಪು ಆರಿಸಿದೆವು.

ಇನ್ನು ಫೋಟೋ ತೆಗೆದ ಬಗೆ. ಕಂಪ್ಯೂಟರಿನಲ್ಲಿ ಎಲ್ಲ ಆಗುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿದೆ. ನಿಜ ಹೇಳಬೇಕೆಂದರೆ ಮುಕ್ಕಾಲು ಕೆಲಸ ಫೋಟೋ ತೆಗೆಯುವಾಗಲೇ ಮುಗಿದಿರಬೇಕು.

ಮೂವರನ್ನೂ ಒಂದೇ ದಿನ, ಬೆಳಿಗ್ಗೆ ಒಂದೇ ಹೊತ್ತಿನಲ್ಲಿ, ಶಾಲೆಯ ವರಾಂಡದ ಒಂದೇ ಜಾಗದಲ್ಲಿ ನಿಲ್ಲಿಸಿದೆ. ಬೆಳಕು ಮೂವರಿಗೂ ಎಡಗಡೆಯಿಂದ ಬೀಳಬೇಕು. ಒಬ್ಬರಿಗೆ ಎಡದಿಂದ, ಇನ್ನೊಬ್ಬರಿಗೆ ಬಲದಿಂದ ಬಿದ್ದರೆ ಮೂವರು ಒಂದೇ ಚಿತ್ರದಲ್ಲಿ ನಿಂತಂತೆ ಎಂದಿಗೂ ಕಾಣುವುದಿಲ್ಲ. ಕಾರಣ ಗೊತ್ತಾಗದಿದ್ದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಹತ್ತಿರ ಹೋಗಬಾರದು. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗುತ್ತವೆ, ಆಮೇಲೆ ಯಾವ ರುಮಾಲೂ ಆ ತಲೆಗೆ ಕೂರುವುದಿಲ್ಲ. ಏಳೆಂಟು ಅಡಿ ದೂರ ನಿಂತು, ಎದೆಯ ಎತ್ತರಕ್ಕೆ ಹಿಡಿದು, ಜೂಮ್ ಮಾಡಿ ತೆಗೆಯಬೇಕು.

ಸಮವಸ್ತ್ರದಲ್ಲಿ ತೆಗೆಯಬಾರದು. ನೀಲಿ ಅಂಗಿ ಹಾಕಿದ ಹುಡುಗನ ಗದ್ದದ ಕೆಳಗೆ ತೆಳುವಾಗಿ ನೀಲಿ ಬಿದ್ದಿರುತ್ತದೆ. ಅಂಗಿ ಅಳಿಸಬಹುದು, ಚರ್ಮದ ಮೇಲೆ ಬಿದ್ದ ಅಂಗಿಯ ನೆರಳನ್ನು ಅಳಿಸುವುದು ದೊಡ್ಡ ತಲೆನೋವು. ಜೊತೆಗೆ ಕಾಲರು ಕತ್ತನ್ನು ಮುಚ್ಚುತ್ತದೆ. ಕತ್ತನ್ನು ನಾವು ಹೊಸದಾಗಿ ಹುಟ್ಟಿಸಬೇಕಾಗುತ್ತದೆ, ಅದು ಯಾವಾಗಲೂ ಸುಳ್ಳಾಗಿ ಕಾಣುತ್ತದೆ. ಪೋಲಾಳ್ವನ ಹುಡುಗನನ್ನು ಹೆಗಲ ಮೇಲೊಂದು ಪಂಚೆ ಹೊದಿಸಿ ಬರಿಮೈಯಲ್ಲಿ, ಅವನ ತಂದೆಯ ಎದುರಿಗೇ ತೆಗೆದೆ.

ಓಬವ್ವನಿಗೆ ಸೀರೆಯನ್ನು ನಿಜವಾಗಿ ಉಡಿಸಿಯೇ ತೆಗೆದದ್ದು. ಮೊದಲು ಯಾರೋ ನೈಲಾನ್ ಸೀರೆ ತಂದಿದ್ದರು, ಬಣ್ಣ ಬದಲಿಸಿದರೆ ಆಯಿತಲ್ಲ ಎಂದರು. ಬಣ್ಣ ಬದಲಿಸಬಹುದು, ಮಡಿಕೆ ಬದಲಿಸಲಾಗದು. ನೈಲಾನಿನ ನೆರಿಗೆ ಜಾರಿ ಇಳಿಬೀಳುತ್ತದೆ, ಹೊಳೆಯುತ್ತದೆ. ಹತ್ತಿಯ ನೆರಿಗೆ ದಪ್ಪ, ದುಂಡು, ಹೊಳಪಿಲ್ಲ. ಊರಿನ ಅಜ್ಜಿಯೊಬ್ಬರು ಪೆಟ್ಟಿಗೆಯಿಂದ ಹಳೆಯ ಹತ್ತಿ ಸೀರೆ ತೆಗೆದುಕೊಟ್ಟು, ತಾವೇ ಬಂದು ಹುಡುಗಿಗೆ ಕಚ್ಚೆ ಹಾಕಿ ಉಡಿಸಿದರು. ಒನಕೆಯೂ ಅವರ ಮನೆಯದೇ, ತುದಿಗೆ ಕಬ್ಬಿಣದ ಬಳೆ ಇರುವಂಥದ್ದು. ರಟ್ಟಿನ ಒನಕೆ ಹಿಡಿದವರ ಕೈ ಸಡಿಲವಾಗಿರುತ್ತದೆ. ನಿಜವಾದ ಒನಕೆ ಎತ್ತಿದಾಗ ಮುಂಗೈಯ ನರ ಏಳುತ್ತದೆ, ಹೆಗಲು ಬಿಗಿಯುತ್ತದೆ. ಆ ಹುಡುಗಿಯ ಮುಖದಲ್ಲಿ ನೀವು ಕಂಡ ಬಿಗುವಿಗೆ ಅರ್ಧ ಕಾರಣ ಒನಕೆಯ ಭಾರ.

ಈಗ ಕಂಪ್ಯೂಟರಿಗೆ ಬರೋಣ. ಫೋಟೋಶಾಪ್ ಇದ್ದರೂ ಸರಿ, ದುಡ್ಡಿಲ್ಲದೆ ಸಿಗುವ ಗಿಂಪ್ ಇದ್ದರೂ ಸರಿ, ಕೆಲಸ ಒಂದೇ. ಮೂಲ ಫೋಟೋವನ್ನು ಮುಟ್ಟದೆ ಅದರ ಮೇಲೆ ಪದರ ಪದರವಾಗಿ ಹಾಕುತ್ತಾ ಹೋಗುವುದು. ಬೇಡದ್ದನ್ನು ರಬ್ಬರಿನಿಂದ ಅಳಿಸದೆ ಮಾಸ್ಕ್ ಹಾಕಿ ಮರೆಮಾಡಿದರೆ, ನಾಳೆ ಬೇಕೆಂದಾಗ ಮತ್ತೆ ತೆರೆಯಬಹುದು.

ಎಲ್ಲಕ್ಕಿಂತ ಕಷ್ಟ ಕೂದಲು. ಈಗಿನ ಹುಡುಗರ ಕಟಿಂಗ್ ನಿಮಗೆ ಗೊತ್ತೇ ಇದೆ: ಮೇಲೆ ಬುಟ್ಟಿ, ಪಕ್ಕದಲ್ಲಿ ಬೋಳು. ಇದಕ್ಕೆ 1224ರ ತುರುಬು ಕೂರಿಸಬೇಕು. ಅಂತರಜಾಲದಿಂದ ಯಾವುದೋ ಜುಟ್ಟು ತಂದು ಅಂಟಿಸಿದರೆ ಬೆಳಕು ಹೊಂದುವುದಿಲ್ಲ. ನಾನು ಮಾಡಿದ್ದಿಷ್ಟೇ. ಉದ್ದ ಕೂದಲಿರುವ ಊರಿನ ಒಬ್ಬ ಹಿರಿಯರನ್ನು ಅದೇ ವರಾಂಡದಲ್ಲಿ, ಅದೇ ಕೋನಕ್ಕೆ ತಲೆ ತಿರುಗಿಸಿ ಕೂರಿಸಿ, ಎಣ್ಣೆ ಹಚ್ಚಿ ಎತ್ತಿ ಕಟ್ಟಿದ ಕೂದಲಿನ ಫೋಟೋ ತೆಗೆದೆ. ಆ ಕೂದಲನ್ನು ಹುಡುಗನ ತಲೆಗೆ ತಂದೆ. ಸಮಸ್ಯೆ ಬರುವುದು ಕಿವಿಯ ಮೇಲಿನ ಭಾಗದಲ್ಲಿ, ಬೋಳಿಸಿದ ಚರ್ಮ ಮುಗಿದು ಕೂದಲು ಶುರುವಾಗುವ ಗೆರೆಯಲ್ಲಿ. ಅಲ್ಲಿ ಕತ್ತರಿಯಲ್ಲಿ ಕತ್ತರಿಸಿದಂತೆ ಅಂಚು ಬಂದರೆ ಟೋಪಿ ಹಾಕಿದಂತೆ ಕಾಣುತ್ತದೆ. ಅಂಚನ್ನು ಮೆದು ಮಾಡಿ, ಸಣ್ಣ ಕುಂಚದಲ್ಲಿ ಒಂದೊಂದೇ ಎಳೆಯನ್ನು ಚರ್ಮದ ಮೇಲೆ ಎಳೆದು ತರಬೇಕು. ನಲವತ್ತು ಐವತ್ತು ಎಳೆ, ಎಲ್ಲವೂ ಬೇರೆ ಬೇರೆ ಉದ್ದ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಶಹಾಜಿಯ ರುಮಾಲಿಗೂ ಇದೇ ನಿಯಮ. ರುಮಾಲನ್ನು ನಿಜವಾಗಿ ಸುತ್ತಿ ತೆಗೆದ ಫೋಟೋ ಇಟ್ಟರೂ ಮೊದಲು ಅದು ತಲೆಯ ಮೇಲೆ ತೇಲುತ್ತಿತ್ತು. ಕೊರತೆ ಇದ್ದದ್ದು ಹಣೆಯ ಮೇಲಿನ ನೆರಳು. ಬಟ್ಟೆ ತಲೆಗೆ ತಾಗಿದ ಕಡೆ ತೆಳುವಾದ ಕತ್ತಲೆ ಬೀಳಲೇಬೇಕು. ಹೊಸ ಪದರ ಹಾಕಿ, ಅದನ್ನು Multiply ಎಂಬ ಬಗೆಗೆ ಇಟ್ಟು, ಮೂರನೆಯ ಒಂದು ಭಾಗದಷ್ಟು ಗಾಢತೆಯಲ್ಲಿ ನೆರಳು ತೀಡಬೇಕು. ಆ ನೆರಳು ಕಪ್ಪಾಗಿರಬಾರದು. ಕಪ್ಪು ಹಾಕಿದರೆ ಹಣೆಗೆ ಮಸಿ ಮೆತ್ತಿದಂತಾಗುತ್ತದೆ. ಆ ಹುಡುಗನ ಚರ್ಮದ ಬಣ್ಣವನ್ನೇ ಆರಿಸಿ, ಅದನ್ನು ಗಾಢ ಮಾಡಿದ ಕಂದು ಇರಬೇಕು. ಕೊರಳ ಹಾರಕ್ಕೂ, ತೋಳಬಂದಿಗೂ ಹೀಗೆಯೇ. ತಾಗಿದ ಕಡೆಯೆಲ್ಲ ನೆರಳು.

ಜಾಮಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಕಾಲದಲ್ಲಿ ಸಾಮಾನ್ಯವಾಗಿ ಹಿಂದೂಗಳು ಅದನ್ನು ತಮ್ಮ ಎಡಗಡೆಗೆ, ಮುಸಲ್ಮಾನರು ಬಲಗಡೆಗೆ ಕಟ್ಟುತ್ತಿದ್ದರು. ಭಿತ್ತಿಪತ್ರದಲ್ಲಿ ಮೂವರೂ ನಡುವಿಗೆ ಮುಖ ಮಾಡಲಿ ಎಂದು ಶಹಾಜಿಯನ್ನು ಕನ್ನಡಿಯಂತೆ ತಿರುಗಿಸಲು ಸಲಹೆ ಬಂತು. ಒಂದು ಗುಂಡಿ ಒತ್ತಿದರೆ ಆಗುತ್ತದೆ. ಆದರೆ ಒತ್ತಿದ ಕೂಡಲೇ ಲಾಡಿ ಬಲಕ್ಕೆ ಹೋಗುತ್ತದೆ, ಎಡ ನಡುವಿನ ಕತ್ತಿ ಬಲ ನಡುವಿಗೆ ಬಂದು ಶಹಾಜಿ ಎಡಚನಾಗುತ್ತಾನೆ, ಬೆಳಕೂ ತಿರುಗುತ್ತದೆ. ಹುಡುಗನನ್ನು ಮತ್ತೊಮ್ಮೆ ಕರೆಸಿ ಆ ಕಡೆಗೆ ತಿರುಗಿ ನಿಲ್ಲಿಸಿ ತೆಗೆದೆ. ಇಂಥ ಚಿತ್ರ ಮಾಡುವವರು ಕೊನೆಗೆ ನೋಡಬೇಕಾದ್ದು ಕತ್ತಿ ಯಾವ ಕಡೆಗಿದೆ ಎಂಬುದನ್ನು. ತಿರುಗಿಸಿದ ಫೋಟೋ ಅಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮೊದಲ ಪ್ರತಿ ತೋರಿಸಿದ ದಿನ ಎಲ್ಲರಿಗೂ ಮೆಚ್ಚಿಗೆಯಾಯಿತು. ಆಮೇಲೆ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ಓಬವ್ವನ ಹುಡುಗಿ ಸ್ವಲ್ಪ ಕಪ್ಪಾಯ್ತಲ್ಲಪ್ಪ, ಒಂಚೂರು ಬೆಳ್ಳಗೆ ಮಾಡಿಬಿಡು, ಲಕ್ಷಣ ಬರ್ತದೆ. ಇನ್ನೊಬ್ಬರು ಪೋಲಾಳ್ವನ ಹುಡುಗನ ಮೂಗು ತಿದ್ದಲು ಹೇಳಿದರು. ಹುಡುಗಿ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಏನೂ ಅನ್ನಲಿಲ್ಲ, ತಲೆ ತಗ್ಗಿಸಿದಳು.

ಸ್ಟುಡಿಯೋದಲ್ಲಿ ದಿನಾ ಇದೇ ಕೆಲಸ. ಮದುವೆ ಆಲ್ಬಂಗಳಲ್ಲಿ ಬೆಳ್ಳಗೆ ಮಾಡಿ ಎಂದು ಕೇಳುತ್ತಾರೆ. ಅದು ಅವರವರ ಮನೆಯ ಗೋಡೆಗೆ ಹೋಗುತ್ತದೆ. ಇದು ಬೇರೆ. ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟು. ಅಣ್ಣಾ, ನಾವಿಲ್ಲಿ ಬದಲಿಸುತ್ತಿರುವುದು ಕಾಲವನ್ನು, ಮಗುವನ್ನಲ್ಲ. ಕಾಲಕ್ಕೆ ಸೇರಿದ್ದನ್ನೆಲ್ಲ ತೆಗೆದಿದ್ದೇನೆ. ಕೈಗಡಿಯಾರ ಕಟ್ಟಿದ ಬಿಳಿ ಗುರುತು ತೆಗೆದೆ. ಕುಪ್ಪಸದ ಮಿಷಿನ್ ಹೊಲಿಗೆ, ಹುಕ್ಕು, ಸೇಫ್ಟಿ ಪಿನ್ನು ತೆಗೆದೆ. ಪೋಲಾಳ್ವನ ಎಡತೋಳಿನ ಮೇಲೆ ಬಿಸಿಜಿ ಚುಚ್ಚುಮದ್ದಿನ ಕಲೆ ಇತ್ತು. ಹೊಯ್ಸಳರ ಕಾಲದಲ್ಲಿ ಅದು ಎಲ್ಲಿಂದ ಬರಬೇಕು, ಅದನ್ನೂ ತೆಗೆದೆ. ಆದರೆ ಹುಡುಗಿಯ ಬಣ್ಣ, ಹುಡುಗನ ಮೂಗು, ಶಹಾಜಿಯ ಕೆನ್ನೆಯ ಮಚ್ಚೆ ಕಾಲಕ್ಕೆ ಸೇರಿದ್ದಲ್ಲ, ಅವರಿಗೆ ಸೇರಿದ್ದು. ಮುಟ್ಟುವುದಿಲ್ಲ. ಬಿಸಿಲಲ್ಲಿ ದುಡಿದು ನೀರು ಹೊತ್ತ ಕಾವಲುಗಾರನ ಹೆಂಡತಿಯನ್ನು ಬೆಳ್ಳಗೆ ಮಾಡಿದರೆ ಓಬವ್ವನಿಗೂ ಸುಳ್ಳು, ಆ ಪಾತ್ರಕ್ಕೆ ನೀನೇ ಸರಿ ಎಂದು ನಾವು ಆರಿಸಿದ ಹುಡುಗಿಗೂ ಸುಳ್ಳು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಬಿಡು, ಹಂಗೇ ಇರಲಿ ಎಂದರು. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮಗುವಿನ ತಾಯಿಗೆ ಹೆಸರು ಹೇಳದೆ ಚಿತ್ರ ತೋರಿಸಿ. ನೋಡಿದ ಕೂಡಲೇ ಗುರುತು ಹಿಡಿದರೆ ಮುಖ ಉಳಿದಿದೆ. ಆಮೇಲೆ ಚಿತ್ರವನ್ನು ಕಪ್ಪು ಬಿಳುಪು ಮಾಡಿ ಅಂಗೈಯಷ್ಟು ಚಿಕ್ಕದಾಗಿ ನೋಡಿ. ಬಣ್ಣ ಹೋದ ಮೇಲೆ ಬೆಳಕು ನೆರಳಿನ ವ್ಯತ್ಯಾಸ ಎದ್ದು ಕಾಣುತ್ತದೆ, ತಲೆ ಒಂದು ಕಡೆ, ಮೈ ಒಂದು ಕಡೆ ಆಗಿದ್ದರೆ ಗೊತ್ತಾಗುತ್ತದೆ.

ಮುದ್ರಣದ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದ ಸರ್ಕಾರದ ನಿಷೇಧವಿದೆ, ಹಾಗಾಗಿ ಬಟ್ಟೆಯ ಮೇಲೆ ಮುದ್ರಿಸಿದೆವು. ಅಳತೆ ಆರಡಿ ಅಗಲ, ನಾಲ್ಕಡಿ ಎತ್ತರ. ದೂರದಿಂದ ನೋಡುವ ಬ್ಯಾನರಿಗೆ ಅಂಗುಲಕ್ಕೆ 72 ಚುಕ್ಕೆ ಸಾಕು. ಎಂದರೆ ಅಗಲಕ್ಕೆ 5184, ಎತ್ತರಕ್ಕೆ 3456 ಚುಕ್ಕೆ. ಮೊಬೈಲಿನಲ್ಲಿ ನಿಲ್ಲಿಸಿ ತೆಗೆದ ಫೋಟೋ ಸುಮಾರು 4000 ಚುಕ್ಕೆ ಎತ್ತರ ಇರುತ್ತದೆ, ಸಾಲುತ್ತದೆ. ಅದನ್ನೇ ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ 1600ಕ್ಕೆ ಇಳಿದುಬಿಡಬಹುದು. ಮುದ್ರಿಸಿದಾಗ ಮುಖ ಮಸಕು. ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲ ಪೆನ್‌ಡ್ರೈವಿನಲ್ಲಿ ಕೊಡಬೇಕು. ಬಟ್ಟೆ ಶಾಯಿ ಹೀರುತ್ತದೆ, ಚಿತ್ರ ಪರದೆಯಲ್ಲಿ ಕಂಡದ್ದಕ್ಕಿಂತ ಕತ್ತಲಾಗಿ ಬರುತ್ತದೆ. ಕಂದು ಮೈಬಣ್ಣ ಇದರಲ್ಲಿ ಮೊದಲು ಕೆಡುತ್ತದೆ, ಕಣ್ಣು ಬಾಯಿಯ ವಿವರ ಮುಳುಗಿಹೋಗುತ್ತದೆ. ಹಾಗಾಗಿ ಓಬವ್ವನ ಮುಖದ ಒಂದಡಿ ತುಂಡನ್ನು ಮೊದಲು ಅದೇ ಬಟ್ಟೆಯ ಮೇಲೆ ಮುದ್ರಿಸಿ, ಹಗಲು ಬೆಳಕಿನಲ್ಲಿ ಹುಡುಗಿಯ ಪಕ್ಕದಲ್ಲಿ ಹಿಡಿದು ನೋಡಿದೆ. ಕತ್ತಲಾಗಿತ್ತು. ಇಡೀ ಚಿತ್ರಕ್ಕೆ ಬೆಳಕು ಸ್ವಲ್ಪ ಏರಿಸಿದೆ. ಇದು ಬೆಳ್ಳಗೆ ಮಾಡಿದ್ದಲ್ಲ. ಯಂತ್ರ ಕತ್ತಲೆ ಮಾಡಿದ್ದನ್ನು ಅವಳ ಬಣ್ಣಕ್ಕೆ ಮರಳಿ ತಂದದ್ದು. ಕನ್ನಡ ಅಕ್ಷರಗಳನ್ನು ಪಿಡಿಎಫ್ ಮಾಡಿಯೇ ಕೊಡಿ, ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ದಿಕ್ಕಾಪಾಲಾಗುತ್ತವೆ.

ಕೊನೆಯದಾಗಿ, ಭಿತ್ತಿಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುವುದನ್ನು ಕೆಲವರು ಗಮನಿಸಿರಬಹುದು: ಓಬವ್ವನನ್ನು ಕಂಡು ಬರೆದ ಚಿತ್ರ ಲಭ್ಯವಿಲ್ಲ, ಈ ಉಡುಗೆ ಊಹೆಯದು. ಪ್ರತಿ ಪಾತ್ರದ ಹೆಸರಿನ ಕೆಳಗೆ ಆ ವಿದ್ಯಾರ್ಥಿಯ ಹೆಸರು, ತರಗತಿಯನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ. ಫೋಟೋ ಎಲ್ಲೆಲ್ಲಿ ಹಾಕುತ್ತೇವೆ ಎಂದು ಮೂರೂ ಮನೆಗೆ ಹೋಗಿ ಹೇಳಿ, ಪೋಷಕರ ಸಹಿ ತಗೊಂಡು ಕಚೇರಿಯ ಫೈಲಿನಲ್ಲಿ ಇಟ್ಟಿದ್ದೇವೆ. ಪದರಗಳಿರುವ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಚಿತ್ರಕಲಾ ಮಾಸ್ತರ ಕೈಗೆ ಕೊಟ್ಟಿದ್ದೇನೆ. ಮುಂದಿನ ನಾಟಕಕ್ಕೆ ಬೇರೆ ಕಾಲದವರು ಬಂದರೆ ಮಕ್ಕಳೇ ಅದನ್ನು ಬಿಚ್ಚಿ ನೋಡಿ ಕಲಿಯಲಿ. ಬೇಕಾದರೆ ನನ್ನನ್ನು ಕರೆಯಲಿ, ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತದೆ, ಬರುತ್ತೇನೆ.